‘ಲೇಖನ 78 ಪರ್ಸೆಂಟ್ ಎಐ ಅಂತ ಬಂದೈತ್ರಿ’: ಕ್ಲೈಂಟ್‌ಗೆ ಉತ್ತರ ಬರೆಯುವ ಬಗೆ

ರಾತ್ರಿ ಹತ್ತೂವರೆಗೆ ಪುಣೆಯಿಂದ ವಾಟ್ಸ್ಯಾಪ್ ಬಂತು. “ನಿಮ್ಮ ಲೇಖನ ಡಿಟೆಕ್ಟರ್‌ಗೆ ಹಾಕಿದ್ವಿ. 78 ಪರ್ಸೆಂಟ್ ಎಐ ಅಂತ ಬಂದೈತ್ರಿ. ಏನ್ ಮಾಡೂಣು?” ಕ್ಲೈಂಟ್ ಧಾರವಾಡ ಕಡೆಯವರು, ಕೊಥ್ರೂಡ್‌ನಲ್ಲಿ ಸಣ್ಣ ಏಜೆನ್ಸಿ ನಡೆಸುತ್ತಾರೆ. ಮಳೆಗಾಲಕ್ಕೆ ಮುಂಚೆ ಸೊಸೈಟಿಯ ಟೆರೇಸ್ ಸೋರದಂತೆ ಏನು ಮಾಡಬೇಕೆಂದು ನಾನು ಡೊಂಬಿವಲಿಯಲ್ಲಿ ಕೂತು 1,100 ಪದದ ಇಂಗ್ಲಿಷ್ ಲೇಖನ ಬರೆದುಕೊಟ್ಟಿದ್ದೆ. ಪ್ರತಿ ಪದವೂ ನನ್ನದೇ.

ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ. ಅಂದು ರಾತ್ರಿ ನಾನು ಕಳಿಸಿದ್ದು ಇಷ್ಟೇ: “ನೋಡ್ತೇನೆ ಸರ್. ಯಾವ ಟೂಲ್, ಅದರಲ್ಲಿ ಹಾಕಿದ ಪಠ್ಯ ಯಾವುದು, ಪೂರ್ತಿ ರಿಪೋರ್ಟಿನ ಸ್ಕ್ರೀನ್‌ಶಾಟ್ ಕಳಿಸಿ. ನಾಳೆ ಮಧ್ಯಾಹ್ನದೊಳಗೆ ಉತ್ತರ ಕೊಡ್ತೇನೆ.”

ಸ್ಕ್ರೀನ್‌ಶಾಟ್ ಕೇಳುವುದಕ್ಕೆ ಕಾರಣವಿದೆ. 78 ಎಂದರೆ ಕೆಲವು ಟೂಲ್‌ಗಳಲ್ಲಿ ‘ಇದು ಯಂತ್ರ ಬರೆದಿರುವ ಸಂಭವ ಇಷ್ಟು’ ಎಂದು ಅರ್ಥ. ಇನ್ನು ಕೆಲವುಗಳಲ್ಲಿ ‘ಇಷ್ಟು ಭಾಗ ಯಂತ್ರದ್ದಿರಬಹುದು’ ಎಂದು. ಕ್ಲೈಂಟ್ ಮಾತ್ರ ಅದನ್ನು ‘ನೂರರಲ್ಲಿ 78 ಸಾಲು ಕದ್ದದ್ದು’ ಎಂದು ಓದಿಕೊಂಡಿರುತ್ತಾರೆ. ಮೊದಲು ಈ ಗಂಟು ಬಿಚ್ಚಬೇಕು.

ಬೆಳಿಗ್ಗೆ ಚಹಾ ಹಿಡಿದು ರಿಪೋರ್ಟಿನಲ್ಲಿ ಟೂಲ್ ಬಣ್ಣ ಹಚ್ಚಿದ ವಾಕ್ಯಗಳನ್ನು ಒಂದೊಂದಾಗಿ ನೋಡಿದೆ. ವಾಟರ್‌ಪ್ರೂಫಿಂಗ್ ಎಂದರೇನು, ಬಿರುಕು ಮುಚ್ಚುವ ಮುಂಚೆ ನೆಲ ಒಣಗಿರಬೇಕು ಎನ್ನುವಂಥ ಪ್ಯಾರಾಗಳೆಲ್ಲ ಕೆಂಪು. ನಮ್ಮ ಬಿಲ್ಡಿಂಗಿನ ವಾಚ್‌ಮನ್ ನೀರು ಇಳಿಯುವ ಪೈಪಿನ ಬಾಯಿಂದ ಪಾರಿವಾಳದ ಗೂಡು ಎಳೆದು ತೆಗೆದ ಪ್ಯಾರಾ ಮಾತ್ರ ಸ್ವಚ್ಛ. ಇಂಥ ಬಹಳಷ್ಟು ಟೂಲ್‌ಗಳು ನೋಡುವುದು ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ, ವಾಕ್ಯಗಳ ಉದ್ದ ಎಷ್ಟು ಏರಿಳಿಯುತ್ತದೆ ಎಂಬುದನ್ನು. ಪದ ಸುಲಭವಾಗಿ ಊಹೆಗೆ ಸಿಕ್ಕು ಏರಿಳಿತ ಕಡಿಮೆಯಿದ್ದರೆ ಯಂತ್ರದ್ದು ಎನ್ನುತ್ತವೆ. ವ್ಯಾಖ್ಯೆ ಯಾರು ಬರೆದರೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅಳೆದು ಬರೆಯುವ ನಮ್ಮಂಥವರಿಗೆ ಈ ಕಾಟ ಇನ್ನೂ ಜಾಸ್ತಿ.

ಮುಂದಿನದು ಸಾಕ್ಷಿ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ `File > Version history > See version history` ತೆರೆಯಿರಿ. ಯಾವ ದಿನ ಏನು ಬರೆದಿರಿ, ಏನು ಅಳಿಸಿದಿರಿ ಎಲ್ಲ ಅಲ್ಲಿರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಫೈಲಿನ ಕಾಪಿ ಮಾಡಿ ಕಳಿಸಿದರೆ ಆ ಚರಿತ್ರೆ ಕಾಪಿಗೆ ಬರುವುದಿಲ್ಲ, ವರ್ಡ್ ಫೈಲಾಗಿ ಇಳಿಸಿದರೂ ಇಲ್ಲ. ಬರೀ ಓದುವ ಅನುಮತಿ ಕೊಟ್ಟರೆ ಕ್ಲೈಂಟ್‌ಗೆ ಅದು ಕಾಣುವುದೂ ಇಲ್ಲ. ಮೂಲ ಫೈಲಿಗೇ ಎಡಿಟರ್ ಅನುಮತಿ ಕೊಡಿ, ಇಲ್ಲವೇ ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿ. ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ಟೈಪ್ ಮಾಡುವವರು ಆ ಪುಟಗಳ ಫೋಟೊ ಸೇರಿಸಲಿ. ಬೇರೆ ಕಡೆ ಬರೆದು ಒಮ್ಮೆಲೇ ಪೇಸ್ಟ್ ಮಾಡಿದ ಚರಿತ್ರೆ ಅನುಮಾನ ಹೆಚ್ಚಿಸುತ್ತದೆ.

ನಾನು ಕಳಿಸಿದ ಮೇಲ್ ಹೀಗಿತ್ತು:

“ನಮಸ್ಕಾರ ಸರ್. ಲೇಖನ ನಾನೇ ಬರೆದದ್ದು. ಕಾಗುಣಿತ ನೋಡಲು ಗ್ರಾಮರ್‌ಲಿ ಬಳಸಿದ್ದೇನೆ, ಬೇರೇನೂ ಇಲ್ಲ. ಮೂಲ ಫೈಲಿಗೆ ನಿಮಗೆ ಅನುಮತಿ ಕೊಟ್ಟಿದ್ದೇನೆ, ನಾಲ್ಕು ದಿನದ ಡ್ರಾಫ್ಟ್ ಅದರಲ್ಲಿದೆ. ವಾಚ್‌ಮನ್ ಜೊತೆ ಮಾತಾಡಿದ ನೋಟ್ಸ್ ಲಗತ್ತಿಸಿದ್ದೇನೆ. ಡಿಟೆಕ್ಟರ್ ಅಂಕ ಅಂದಾಜು ಮಾತ್ರ: ಓಪನ್‌ಎಐ ತನ್ನದೇ ಡಿಟೆಕ್ಟರನ್ನು ನಿಖರತೆ ಕಡಿಮೆ ಎಂದು 2023ರ ಜುಲೈನಲ್ಲಿ ನಿಲ್ಲಿಸಿತು. ಬೇಕಿದ್ದರೆ ನಾಳೆ ಹದಿನೈದು ನಿಮಿಷ ಫೋನಿನಲ್ಲಿ ಯಾವ ಸಾಲಿನ ಬಗ್ಗೆಯಾದರೂ ಕೇಳಿ. ಯಾವ ಪ್ಯಾರಾ ಸಪ್ಪೆ ಅನ್ನಿಸಿತು ಎಂದು ಹೇಳಿದರೆ ತಿದ್ದಿಕೊಡುತ್ತೇನೆ. ಅಂಕ ಇಳಿಸಲೆಂದೇ ತಿದ್ದುವುದಿಲ್ಲ.”

ಕೊನೆಯ ಸಾಲು ಬಿರುಸಾಯಿತೆ ಎಂದು ಹೆಂಡತಿ ಕೇಳಿದಳು. ಇರಲಿ ಎಂದು ಬಿಟ್ಟೆ. ಅಂಕ ಇಳಿಸಲು ಹೊರಟರೆ ಪದ ತಿರುಚಬೇಕು, ‘ಮನುಷ್ಯನಂತೆ ಮಾಡುವ’ ಟೂಲ್‌ಗೆ ಹಾಕಬೇಕು. ಆಗ ಲೇಖನ ಕೆಡುತ್ತದೆ, ಮೇಲಾಗಿ ನಿಜಕ್ಕೂ ಯಂತ್ರದ್ದಾಗುತ್ತದೆ. ಐದು ಡಿಟೆಕ್ಟರ್‌ನಲ್ಲಿ ಹಾಕಿ ಅತಿ ಕಡಿಮೆ ಅಂಕ ಬಂದದ್ದನ್ನು ಕಳಿಸುವ ಆಸೆಯೂ ಹುಟ್ಟುತ್ತದೆ. ಹಾಗೆ ಮಾಡಿದಿರೆಂದರೆ ಅಂಕವೇ ಪ್ರಮಾಣ ಎಂದು ನೀವೇ ಒಪ್ಪಿದಂತೆ. ನಿಜಕ್ಕೂ ಎಐ ಬಳಸಿದ್ದರೆ ಎಲ್ಲಿ ಎಷ್ಟು ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ, ಮೇಲಿನ ಮೇಲ್ ನಿಮಗಲ್ಲ.

ಮರುದಿನ ಫೋನಿನಲ್ಲಿ ಅವರು ಡಿಟೆಕ್ಟರ್ ಸುದ್ದಿಯನ್ನೇ ಎತ್ತಲಿಲ್ಲ. “ಆ ಪಾರಿವಾಳದ ಗೂಡು ಖರೇನಾ?” ಎಂದು ಕೇಳಿದರು. ಖರೆ ಎಂದೆ. “ವ್ಯಾಖ್ಯಾ ಭಾಗ ಬ್ಯಾಸರಾ ಬರ್ತೈತಿ ನೋಡ್ರಿ” ಎಂದರು. ಅದೂ ಖರೆ. ಎರಡು ಪ್ಯಾರಾ ಮೊಟಕು ಮಾಡಿ ಕಳಿಸಿದೆ, ಸೋಮವಾರ ದುಡ್ಡು ಬಂತು.

ಮುಂದಿನ ಕೊಟೇಷನ್ನಿಗೆ ಒಂದು ಸಾಲು ಸೇರಿಸಿದ್ದೇನೆ: “ಡಿಟೆಕ್ಟರ್ ಅಂಕವೊಂದನ್ನೇ ಕಾರಣವಾಗಿ ಕೊಟ್ಟು ಲೇಖನ ತಿರಸ್ಕರಿಸುವಂತಿಲ್ಲ, ಹಣ ತಡೆಯುವಂತಿಲ್ಲ, ಕೇಳಿದರೆ ಡ್ರಾಫ್ಟ್ ಚರಿತ್ರೆ ತೋರಿಸಲಾಗುವುದು.”