ಅಶ್ವಗಂಧ ಮತ್ತು ನನ್ನ ಲೆಕ್ಕದ ಪುಸ್ತಕ: ನನ್ನ ಅನುಭವ

"ಏನ್ ಭಾವ, ಔಷಧಿಗೂ ಲೆಕ್ಕದ ಪುಸ್ತಕ ಇಟ್ಟಿದೀರಾ?" ಅಂತ ನನ್ನ ಭಾಮೈದ ನಕ್ಕಿದ್ದ. ಈಗ ಅವನೇ ನನ್ನ ಪುಸ್ತಕದ ಒಂದು ಪುಟದ ಫೋಟೋ ಕೇಳಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಪುಸ್ತಕ ಶುರುವಾದದ್ದು ಒಂದು ಪೆಟ್ಟು ತಿಂದ ಮೇಲೆ. ನಿದ್ದೆ ಸರಿಯಿಲ್ಲ ಅಂತ ಅಶ್ವಗಂಧ, ಹೊಟ್ಟೆ ಸರಿಯಿಲ್ಲ ಅಂತ ತ್ರಿಫಲ, ಎರಡನ್ನೂ ಒಂದೇ ದಿನ ಶುರು ಮಾಡಿದೆ. ಹತ್ತು ದಿನ ಆಗಿತ್ತೇನೋ, ತೋಳಿನ ಮೇಲೆಲ್ಲ ಕೆಂಪು ಗುಳ್ಳೆ, ತುರಿಕೆ. ಎರಡನ್ನೂ ಬಿಟ್ಟೆ, ವಾರದಲ್ಲಿ ಇಳಿಯಿತು. ಅಶ್ವಗಂಧದ್ದೇ ಕೆಲಸ ಅಂತ ನಾನೇ ತೀರ್ಪು ಕೊಟ್ಟು, ಮುಕ್ಕಾಲು ತುಂಬಿದ್ದ ಡಬ್ಬಿ ಮತ್ತು ಒಡೆಯದೇ ಇದ್ದ ಇನ್ನೊಂದು, ಎರಡನ್ನೂ ಯಾರಿಗೋ ಕೊಟ್ಟುಬಿಟ್ಟೆ. ಮೂರು ತಿಂಗಳ ಮೇಲೆ ಅದೇ ಗುಳ್ಳೆ ಮತ್ತೆ ಬಂತು. ಆಗ ಎರಡರಲ್ಲಿ ಒಂದನ್ನೂ ತಗೊಳ್ತಾ ಇರಲಿಲ್ಲ! ಹಳೇ ಬಿಲ್ಲುಗಳನ್ನು ಹುಡುಕಿದೆ. ಎರಡು ಸಲವೂ ತಲೆನೋವಿಗೆ ಒಂದೇ ಮಾತ್ರೆ ನುಂಗಿದ್ದೆ. ವೈದ್ಯರಿಗೆ ತೋರಿಸಿದಾಗ, ಆ ಮಾತ್ರೆ ಇನ್ನು ಮುಟ್ಟಬೇಡಿ ಅಂದರು. ತಪ್ಪು ಮಾಡಿದವನು ಒಬ್ಬ, ದಂಡ ಕಟ್ಟಿದ್ದು ಇನ್ನೊಬ್ಬ.

ಹಾಗಾಗಿ ನನ್ನ ಪುಟದಲ್ಲಿ ಮೊದಲ ಕಾಲಂ ಮೂಲಿಕೆಯದ್ದಲ್ಲ, "ಬೇರೆ ಏನು ಒಳಗೆ ಹೋಯಿತು" ಅನ್ನೋದು. ನೋವಿನ ಮಾತ್ರೆ, ನೆಗಡಿ ಮಾತ್ರೆ, ಹೊಸ ಸೋಪು ಕೂಡ ಅಲ್ಲೇ. ಇನ್ನೊಂದು ನಿಯಮ ನಿಮಗೂ ಗೊತ್ತು: ಒಂದು ಸಲಕ್ಕೆ ಒಂದೇ ಹೊಸದು. ಗೊತ್ತಿದ್ದೂ ಯಾರೂ ಪಾಲಿಸಲ್ಲ, ಅಲ್ವಾ?

ಎರಡನೇ ಸಲ ಅಶ್ವಗಂಧಕ್ಕೆ ಕೈ ಹಾಕುವ ಮೊದಲು ಹತ್ತು ದಿನ ಏನೂ ತಗೊಳ್ಳದೆ ಸುಮ್ನೆ ಬರೆದೆ. ಈ ಹತ್ತು ದಿನ ತುಂಬ ಬೇಜಾರು. ಆದರೆ ಇದಿಲ್ಲದಿದ್ದರೆ ಮುಂದಿನದು ಯಾವುದಕ್ಕೂ ಬೆಲೆಯಿಲ್ಲ. "ನಿದ್ದೆ ಪರವಾಗಿಲ್ಲ" ಅಂತ ಬರೆಯಬೇಡಿ. ನಾನು ಹಿಂದೆ ಒಂದು ತಿಂಗಳು ಹಾಗೇ ಬರೆದು, ತಿರುಗಿ ಓದಿದಾಗ ಏನೂ ಅರ್ಥ ಆಗಲಿಲ್ಲ. ಈಗ ಎರಡೇ ಸಂಖ್ಯೆ: ಮಲಗಿ ಎಷ್ಟು ನಿಮಿಷಕ್ಕೆ ನಿದ್ದೆ ಬಂತು, ರಾತ್ರಿ ಎಷ್ಟು ಸಲ ಎಚ್ಚರ ಆಯಿತು. ಗಡಿಯಾರ ನೋಡುತ್ತಾ ಮಲಗಿದರೆ ಬರೋ ನಿದ್ದೆಯೂ ಓಡಿಹೋಗುತ್ತೆ. ನೋಡದೆ ಹೇಗೆ ಗುರುತು ಹಾಕುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ, ಅದು ನನ್ನ ಬಳಿಯೇ ಇರಲಿ. ಬರೆಯೋದು ಬೆಳಿಗ್ಗೆ ಎದ್ದ ತಕ್ಷಣ. ಸಂಜೆ ಬರೆದರೆ ಆ ದಿನ ಹೇಗಿತ್ತೋ ಹಾಗೆ ರಾತ್ರಿಯ ನೆನಪೂ ಬದಲಾಗುತ್ತೆ.

ಆ ಹತ್ತು ದಿನದ ಸರಾಸರಿ ಸುಮಾರು 50 ನಿಮಿಷ, ಎಚ್ಚರ ಎರಡು ಸಲ.

ಆಮೇಲೆ ಅಳತೆ. ಚಮಚ ನಂಬಬೇಡಿ. ನನ್ನ ಚಮಚವನ್ನು ಮಟ್ಟಸ ಮಾಡಿ ತೂಗಿದರೆ ಎರಡೂವರೆ ಗ್ರಾಂ, ಗೋಪುರ ಮಾಡಿದರೆ ಐದರ ಹತ್ತಿರ. "ದಿನಾ ಒಂದು ಚಮಚ" ಅಂತ ಬರೆದಿದ್ದ ಹಳೇ ಪುಟಗಳೆಲ್ಲ ಅಲ್ಲಿಗೆ ಕಸ. ಒಂದು ಸಣ್ಣ ತಕ್ಕಡಿ ತಗೊಂಡೆ. ಈ ಹುಚ್ಚಿನಲ್ಲಿ ದುಡ್ಡು ದಂಡ ಆಗಲಿಲ್ಲ ಅನ್ನಿಸಿದ್ದು ಅದೊಂದೇ.

ಬೇರಿನ ಪುಡಿ ಮೊದಲ ವಾರ ಒಂದು ಗ್ರಾಂ, ಎರಡನೇ ವಾರ ಎರಡು, ಮೂರನೇ ವಾರ ಮೂರು. ಮೂರು ಗ್ರಾಮಿನ ಎರಡನೇ ದಿನವೇ ಹೊಟ್ಟೆ ಸಡಿಲ. ಊಟ ಆದ ಮೇಲೆ ತಗೊಂಡು ನೋಡಿದೆ, ಸ್ವಲ್ಪ ವಾಸಿ, ಪೂರ್ತಿ ಅಲ್ಲ. ಎರಡಕ್ಕೆ ಇಳಿಸಿದೆ, ನಿಂತಿತು. ಮೊದಲ ಎರಡು ವಾರ ನಿದ್ದೆಯಲ್ಲಿ ಏನೂ ಫರಕಿಲ್ಲ. ಇದು ನಿಧಾನದ ಬೇರು, ಅಲ್ಲಿಗೇ ಬಿಟ್ಟುಬಿಡೋರು ಜಾಸ್ತಿ. ಆರನೇ ವಾರದ ಸರಾಸರಿ ಮೂವತ್ತು ನಿಮಿಷದ ಆಸುಪಾಸು. ನಾನು ಎಲ್ಲರ ಮುಂದೂ ಮೀಸೆ ತಿರುವಿದೆ.

ಭಾಮೈದ ಒಪ್ಪಲಿಲ್ಲ. "ಅದೆಲ್ಲ ಮನಸ್ಸಿನದ್ದು ಭಾವ. ನೀವು ತಗೊಂಡಿದೀರಿ ಅಂತ ನಿಮಗೆ ಗೊತ್ತಿದೆಯಲ್ಲ," ಅಂದ. ಮಾತು ಚುಚ್ಚಿತು, ಯಾಕೆಂದರೆ ನಿಜ. ಹೆಸರಿನಲ್ಲೇ ಕುದುರೆ ವಾಸನೆ ಇರೋ ಪುಡಿ, ಕಣ್ಣು ಮುಚ್ಚಿ ಕೊಟ್ಟರೂ ಗೊತ್ತಾಗುತ್ತೆ. ಅದಕ್ಕೆ ಖಾಲಿ ಕ್ಯಾಪ್ಸೂಲ್ ತಂದೆ. ದೊಡ್ಡದರಲ್ಲೂ ಅರ್ಧ ಗ್ರಾಂ ಹಿಡಿಯೋದು ಕಷ್ಟ, ಎರಡು ಗ್ರಾಮಿಗೆ ಐದು ಬೇಕಾಯಿತು. ನನ್ನ ಹೆಂಡತಿ ಒಂದು ಡಬ್ಬಿಗೆ ಬೇರಿನ ಪುಡಿ, ಇನ್ನೊಂದಕ್ಕೆ ಬರೀ ಹಿಟ್ಟು ತುಂಬಿ, 1 ಮತ್ತು 2 ಅಂತ ಬರೆದು, ಯಾವುದು ಯಾವುದು ಅನ್ನೋದನ್ನು ಕವರಿನಲ್ಲಿ ಅಂಟಿಸಿಟ್ಟಳು. ಸರಿಸುಮಾರು 200 ಕ್ಯಾಪ್ಸೂಲ್ ತುಂಬಿದಳು, ಅದರ ಬೈಗುಳ ಇನ್ನೂ ನಿಂತಿಲ್ಲ.

ಮೊದಲು ಒಂದು ರಾತ್ರಿ ಇದು, ಒಂದು ರಾತ್ರಿ ಅದು ಅಂತ ಮಾಡಿದೆ. ಅದು ಪೆದ್ದತನ. ನಿಧಾನಕ್ಕೆ ಕೆಲಸ ಮಾಡೋದನ್ನು ದಿನ ಬಿಟ್ಟು ದಿನ ಅಳೆದರೆ ಎರಡೂ ಕಲಸಿಹೋಗುತ್ತೆ. ಆಮೇಲೆ ಪೂರ್ತಿ ಎರಡು ವಾರ ಒಂದು ಡಬ್ಬಿ, ಎರಡು ವಾರ ಇನ್ನೊಂದು. ಹಿಂದಿನದರ ಅಂಶ ಉಳಿದಿರುತ್ತೆ ಅಂತ ಪ್ರತಿ ಸಲದ ಮೊದಲ ವಾರದ ಲೆಕ್ಕ ಬಿಟ್ಟುಬಿಟ್ಟೆ. 1ರ ಸರಾಸರಿ ಮೂವತ್ತೈದು ನಿಮಿಷ, 2ರದ್ದು ನಲವತ್ತೈದರ ಹತ್ತಿರ. ಕವರ್ ಒಡೆದೆವು. 1 ಬೇರಿನ ಪುಡಿ!

ಗೆದ್ದೆ, ಆದರೆ ಮೊದಲು ಕೊಚ್ಚಿಕೊಂಡಿದ್ದ ಇಪ್ಪತ್ತು ನಿಮಿಷ ಹತ್ತಕ್ಕೆ ಇಳಿದಿತ್ತು. ಅಷ್ಟು ಕಡಿಮೆ ದಿನದ ಲೆಕ್ಕ ಗಟ್ಟಿ ಸಾಕ್ಷಿ ಅಂತಲೂ ಹೇಳಲ್ಲ. ಉಳಿದ ಹತ್ತು ಎಲ್ಲಿಂದ ಬಂತು ಅಂತ ಪುಟ ತಿರುವಿ ನೋಡಿದರೆ, ಬರೆಯಲು ಶುರು ಮಾಡಿದ ಮೇಲೆ ನಾನು ಮಲಗೋ ಹೊತ್ತೇ ಒಂದು ದಾರಿಗೆ ಬಂದಿತ್ತು.

ಇನ್ನು ಕೆಂಪು ಶಾಯಿಯ ವಿಷಯ. ಅಶ್ವಗಂಧದಿಂದ ಅಪರೂಪಕ್ಕೆ ಲಿವರ್‌ಗೆ ಪೆಟ್ಟಾದದ್ದು ದಾಖಲಾಗಿದೆ. ಸಾಮಾನ್ಯವಾಗಿ ಶುರು ಮಾಡಿ ಎರಡರಿಂದ ಹನ್ನೆರಡು ವಾರದೊಳಗೆ. ಅದಕ್ಕೆ ಮೂತ್ರದ ಬಣ್ಣ, ಮೈತುರಿಕೆ, ಕಣ್ಣಿನ ಹಳದಿ, ಇವಕ್ಕೆ ದಿನಾ ಒಂದು ಗುರುತು. ಒಂದು ಕಂಡರೂ ನಿಲ್ಲಿಸಿ ವೈದ್ಯರ ಹತ್ತಿರ ಹೋಗೋದು. ಥೈರಾಯ್ಡ್ ಹಾರ್ಮೋನನ್ನೂ ಇದು ಏರಿಸಬಹುದು. ಥೈರಾಯ್ಡ್, ಸಕ್ಕರೆ, ಬಿಪಿ ಅಥವಾ ನಿದ್ದೆ ಮಾತ್ರೆ ತಗೊಳ್ಳೋರು ಕೇಳದೆ ಶುರು ಮಾಡಬಾರದು, ಗರ್ಭಿಣಿಯರಂತೂ ಬೇಡವೇ ಬೇಡ. ಬಿಟ್ಟು ಮತ್ತೆ ತಗೊಂಡು ಪರೀಕ್ಷಿಸೋದು ಹೊಟ್ಟೆ ಸಡಿಲದಂಥ ಸಣ್ಣ ತೊಂದರೆಗೆ ಮಾತ್ರ. ತುಟಿ ಊದಿದರೆ, ಉಸಿರು ಕಟ್ಟಿದರೆ ಎರಡನೇ ಪ್ರಯೋಗ ಇಲ್ಲ, ಸೀದಾ ಆಸ್ಪತ್ರೆ.

ಕಳೆದ ವಾರ ಹೊಸ ಡಬ್ಬಿ ಬಂತು. ಲೇಬಲ್ಲನ್ನು ಪುಸ್ತಕಕ್ಕೆ ಅಂಟಿಸೋದು ನನ್ನ ಅಭ್ಯಾಸ. ಅಂಟಿಸುವಾಗ ಓದಿದರೆ, ಅದು ಬೇರಿನ ಪುಡಿ ಅಲ್ಲ, ಸಾರ ತೆಗೆದ ಎಕ್ಸ್‌ಟ್ರಾಕ್ಟ್. ಒಂದು ಸಲಕ್ಕೆ 300 ಮಿಲಿಗ್ರಾಂ ಅಂತಿತ್ತು. ಹಳೇ ಲೆಕ್ಕದಲ್ಲಿ ಎರಡು ಗ್ರಾಂ ತೂಗಿದ್ದರೆ ಅದರ ಆರು ಪಟ್ಟಿಗಿಂತ ಜಾಸ್ತಿ. ಅದಕ್ಕೆ ಹೊಸ ಪುಟ, ಮತ್ತೆ ಹತ್ತು ದಿನ ಏನೂ ತಗೊಳ್ಳದೆ ಬರೆಯೋದು. ಇವತ್ತಿಗೆ ನಾಲ್ಕನೇ ದಿನ.