ತಲೆ ಇಳಿದಿದೆಯೇ? ಹೊಟ್ಟೆಯನ್ನು ಕೇಳಿ

'ಸೊಂಟ ಅಗಲ ಅದ, ಆರಾಮ ಹೆರ್ತಾಳ' ಅನ್ನುವ ಮಾತನ್ನು ಯಾದಗಿರಿ ಕಡೆಯ ಹೆರಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ. ಹೊರಗಿನ ಸೊಂಟ ನೋಡಿದರೆ ಒಳಗಿನ ಎಲುಬಿನ ಗೂಡು ಗೊತ್ತಾಗುವುದಿಲ್ಲ. ಅದರ ಬಾಯಿ ಕೆಲವರಲ್ಲಿ ದುಂಡಗೆ, ಕೆಲವರಲ್ಲಿ ಹಿಂದೆಮುಂದೆ ಉದ್ದ. ಇನ್ನು ಕೆಲವರಲ್ಲಿ ಅಡ್ಡಕ್ಕೆ ಚಪ್ಪಟೆ, ಇಲ್ಲವೇ ಮುಂದೆ ಕಿರಿದು. ದುಂಡಗಿದ್ದರೆ ಸಲೀಸು. ಆದರೂ ಒಂದೇ ಗೂಡಿನಲ್ಲಿ ಸಣ್ಣ ಕೂಸು ಹಾಯಬಹುದು, ದೊಡ್ಡದು ಸಿಕ್ಕಿಕೊಳ್ಳಬಹುದು. ಹೊಂದುತ್ತದೋ ಇಲ್ಲವೋ ಎಂಬುದು ಬಹುತೇಕ ಬ್ಯಾನಿ ಶುರುವಾದ ಮೇಲೆಯೇ ತಿಳಿಯುತ್ತದೆ.

ಬ್ಯಾನಿ ಶುರುವಾದ ತಾಯಿ ಬಂದರೆ ಮೊದಲು ಮೂತ್ರ ಮಾಡಿಸಿ. ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದ ಕೂಡಲೇ ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಸಾಗಿದೆ ಎಂದು ಗುರುತು ಹಾಕುವ ಹಾಳೆ, ತುಂಬಲು ಶುರು ಮಾಡಿ. ಹೆರಿಗೆ ಮುಗಿದ ಮೇಲೆ ತುಂಬಿದ ಹಾಳೆಯಿಂದ ಯಾರಿಗೂ ಉಪಯೋಗವಿಲ್ಲ.

ತಪ್ಪುವುದು ತಲೆ ಇಳಿಯುವುದನ್ನು ನೋಡುವಾಗ. ಸುರಪುರ ಕಡೆಯ ಒಬ್ಬ ತಾಯಿ, ಎರಡನೇ ಹೆರಿಗೆ. ಬೆಳಿಗ್ಗೆ 10ಕ್ಕೆ ಬಾಯಿ 4 ಸೆಂ.ಮೀ. ತೆರೆದಿತ್ತು. ಗಂಟೆಗೆ 1 ಸೆಂ.ಮೀ. ಲೆಕ್ಕದಲ್ಲಿ ಮಧ್ಯಾಹ್ನ 2ಕ್ಕೆ 8 ಆಗಬೇಕು. ಆಗಿದ್ದು 6. ಒಳಗೆ ಪರೀಕ್ಷಿಸಿದ ಹುಡುಗಿ 'ತಲೆ ಕೆಳಗೇ ಇದೆ ಸಿಸ್ಟರ್' ಎಂದಳು. ಆಕೆಯ ಬೆರಳಿಗೆ ಸಿಕ್ಕಿದ್ದು ನೆತ್ತಿಯ ಬಾವು. ತಲೆ ಸಿಕ್ಕಿಕೊಂಡಾಗ ನೆತ್ತಿಯ ಚರ್ಮ ಊದಿ ಕೆಳಗೆ ಇಳಿಯುತ್ತದೆ, ಎಲುಬು ಮೇಲೆಯೇ ಇರುತ್ತದೆ. ನಾನು ಹೊಟ್ಟೆಯ ಮೇಲೆ ಕೈಯಿಟ್ಟೆ. ಗೂಡಿನ ಮುಂದಿನ ಎಲುಬಿನ ಮೇಲೆ ತಲೆಗೆ ಇನ್ನೂ ಮೂರು ಬೆರಳು ಹಿಡಿಯುತ್ತಿದ್ದವು, ಅಂದರೆ ಐದರಲ್ಲಿ ಮೂರು ಪಾಲು ತಲೆ ಗೂಡಿಗೆ ಇಳಿಯದೆ ಮೇಲೆಯೇ ಇತ್ತು. ಒಳಗೆ ಪರೀಕ್ಷಿಸಿದರೆ ನೆತ್ತಿಯ ಎಲುಬುಗಳು ಒಂದರ ಮೇಲೊಂದು ಏರಿದ್ದವು, ಒತ್ತಿದರೂ ಸರಿಯಲಿಲ್ಲ. ಇಷ್ಟಾದರೆ ಕಾಯಬೇಡಿ.

'ಬ್ಯಾನಿ ಸೂಜಿ ಹಾಕ್ರಿ' ಎಂದು ಮನೆಯವರು ಒತ್ತಾಯಿಸಿದರು. ದಾರಿಯೇ ಇಲ್ಲದಿರುವಾಗ ಬ್ಯಾನಿ ಜೋರು ಮಾಡುವ ಆ ಸೂಜಿ ಹಾಕಲೇಬಾರದು, ಹೊಟ್ಟೆ ಒತ್ತಿ ತಳ್ಳಲೂಬಾರದು. ಗರ್ಭಕೋಶದ ಮೇಲ್ಭಾಗ ಬಿಗಿಯಾಗುತ್ತಾ ಹೋದಂತೆ ಕೆಳಭಾಗ ಎಳೆದು ತೆಳ್ಳಗಾಗುತ್ತದೆ. ಎರಡರ ನಡುವೆ ಹೊಟ್ಟೆಗೆ ಅಡ್ಡಲಾಗಿ ಗೆರೆ ಕಂಡರೆ, ಅದು ಹೊಕ್ಕುಳದ ಕಡೆ ಏರುತ್ತಿದ್ದರೆ, ಗರ್ಭಕೋಶ ಹರಿಯುವ ಹೊತ್ತು ಹತ್ತಿರ. ಮೊದಲೇ ಹೆತ್ತವರಲ್ಲಿ ಇದು ಜಾಸ್ತಿ. ಜೋರಾಗಿದ್ದ ಬ್ಯಾನಿ ಥಟ್ಟನೆ ನಿಂತು ನಾಡಿ ಓಡಿದರೆ ಹರಿದಿದೆ ಎಂದೇ ತಿಳಿಯಿರಿ. ಚೊಚ್ಚಲಿನವರಲ್ಲಿ ಗರ್ಭಕೋಶ ಸಾಮಾನ್ಯವಾಗಿ ಸೋತು ಸುಮ್ಮನಾಗುತ್ತದೆ. ಆಗ ಮೂತ್ರಕೋಶವು ತಲೆ ಮತ್ತು ಎಲುಬಿನ ನಡುವೆ ಗಂಟೆಗಟ್ಟಲೆ ನಲುಗುತ್ತದೆ. ರಕ್ತ ಹರಿಯದೆ ಆ ಜಾಗ ಸಾಯುತ್ತದೆ. ಕೆಲವು ದಿನಗಳ ನಂತರ ಮೂತ್ರ ಸೋರಲು ಶುರುವಾಗುತ್ತದೆ.

ಆ ತಾಯಿಗೆ ಸಲೈನ್ ಹಚ್ಚಿ, ಮೂತ್ರದ ನಳಿಕೆ ಹಾಕಿದೆವು. ಮೂತ್ರ ಕೆಂಪಗಿತ್ತು. ಎಡಮಗ್ಗುಲಿಗೆ ಮಲಗಿಸಿ, ಆಪರೇಷನ್ ಇರುವ ಆಸ್ಪತ್ರೆಗೆ ಮೊದಲು ಫೋನ್ ಮಾಡಿ 108ರಲ್ಲಿ ಕಳಿಸಿದೆವು. ಸಿಸೇರಿಯನ್ ಆಗಿ ಕೂಸು ಅತ್ತಿತು. ಮೂತ್ರಕೋಶ ಚೇತರಿಸಿಕೊಳ್ಳಲೆಂದು ಅಲ್ಲಿನ ಡಾಕ್ಟರು ನಳಿಕೆಯನ್ನು ಹತ್ತು ದಿನ ತೆಗೆಯಲಿಲ್ಲ.