ಶೇ. 32 ಮತ್ತು ಶೇ. 37.5ರ ನಡುವಿನ 45 ಲಕ್ಷ

ಹಾಸನದ ಒಬ್ಬ ಬಿಲ್ಡರ್‌ನ ಅಪಾರ್ಟ್‌ಮೆಂಟ್ ಯೋಜನೆಯ ಲೆಕ್ಕಪರಿಶೋಧನೆ ನನ್ನ ಪಾಲಿಗೆ ಬಂದಿತ್ತು. ಗ್ರಾಹಕರು ಕೊಟ್ಟ ಹಣದಲ್ಲಿ ಶೇ. 70ನ್ನು ಆ ಯೋಜನೆಯದೇ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, ಅದು ಆ ಯೋಜನೆಯ ಜಮೀನು ಮತ್ತು ನಿರ್ಮಾಣಕ್ಕೇ ಖರ್ಚಾಗಬೇಕು ಎಂಬುದು ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ನಿಯಮ. ಕೆಲಸ ಮುಂದುವರಿದ ಪ್ರಮಾಣದಲ್ಲೇ ಹಣ ತೆಗೆಯಬಹುದು. ಅದಕ್ಕೆ ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕಪರಿಶೋಧಕ ಮೂವರೂ ಪ್ರಮಾಣಪತ್ರ ಕೊಡಬೇಕು.

ನಾನು ಬ್ಯಾಂಕ್ ಪಾಸ್‌ಬುಕ್‌ನಿಂದ ಆರಂಭಿಸುವುದಿಲ್ಲ. ಯೋಜನೆಯ ಖಾತೆಗೆ ಬಾರದೇ ಹೋದ ಹಣ ಅಲ್ಲಿ ಕಾಣುವುದೇ ಇಲ್ಲ. ಗ್ರಾಹಕರ ಕರಾರು ಮತ್ತು ರಸೀದಿಗಳಿಂದ ಹೊರಟು, ಗೃಹಸಾಲ ಕೊಟ್ಟ ಬ್ಯಾಂಕು ನೇರವಾಗಿ ಯಾವ ಖಾತೆಗೆ ಹಣ ಕಳುಹಿಸಿದೆ ಎಂದು ನೋಡುತ್ತೇನೆ. ಇಲ್ಲಿ ಜಮಾ ಆದದ್ದು ಸರಿಯಿತ್ತು: ಬಂದ 4 ಕೋಟಿಯಲ್ಲಿ 2.80 ಕೋಟಿ ಖಾತೆಗೆ ಸೇರಿತ್ತು, ಅದರಲ್ಲಿ 2.70 ಕೋಟಿ ತೆಗೆಯಲಾಗಿತ್ತು.

ಖರ್ಚಿನ ಕಡೆ ಸಂಶಯ ಹುಟ್ಟಿತು. ಜಮೀನಿಗೆ 2 ಕೋಟಿ, ನಿರ್ಮಾಣಕ್ಕೆ 8 ಕೋಟಿ ಎಂದು ಅಂದಾಜು. ಜಮೀನಿನ ಹಣ ಪೂರ್ತಿ ಪಾವತಿಯಾಗಿತ್ತು. ನಿರ್ಮಾಣಕ್ಕೆ ಪುಸ್ತಕದ ಪ್ರಕಾರ 3 ಕೋಟಿ, ಅಂದರೆ ಶೇ. 37.5. ಎಂಜಿನಿಯರ್ ಬರೆದದ್ದು ಮಾತ್ರ ಶೇ. 32. ಇಂಥ ಅಂತರವನ್ನು ಅಂದಾಜಿನ ಏರುಪೇರು ಎಂದು ಬಿಡುವವರಿದ್ದಾರೆ, ನಾನು ಬಿಡುವುದಿಲ್ಲ. ಅಳತೆ ಪುಸ್ತಕ ಮತ್ತು ಗುತ್ತಿಗೆದಾರನ ರನ್ನಿಂಗ್ ಬಿಲ್‌ಗಳನ್ನು ಪಕ್ಕಪಕ್ಕ ಇಟ್ಟಾಗ, ಮಾರ್ಚ್ ಕೊನೆಯಲ್ಲಿ ಕೊಟ್ಟ 45 ಲಕ್ಷದ ಮುಂಗಡಕ್ಕೆ ಬಿಲ್ಲೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಗುತ್ತಿಗೆದಾರನ ಲೆಡ್ಜರ್ ತರಿಸಿದೆ. ಮಾಲೀಕರ ಸೂಚನೆಯಂತೆ ಆ ಹಣ ಚಿಕ್ಕಮಗಳೂರಿನ ಹೊಸ ಲೇಔಟಿನ ಜಮೀನು ಮಾರಿದವರಿಗೆ ಹೋಗಿತ್ತು.

"ಎರಡೂ ನನ್ನ ಯೋಜನೆಗಳೇ ಅಲ್ಲವೇ ಸಾರ್, ಮಿತಿ ಮೀರಿ ಎಲ್ಲಿ ತೆಗೆದಿದ್ದೇನೆ?" ಎಂದರು ಮಾಲೀಕರು. ಕೆಲಸದ ಪ್ರಮಾಣಕ್ಕೆ ತಕ್ಕಂತೆ ತೆಗೆಯಬಹುದಾದ ಮಿತಿ ನಿಜಕ್ಕೂ ಮೀರಿರಲಿಲ್ಲ. ಜಮೀನೂ ಸೇರಿ ಆದ ಒಟ್ಟು 5 ಕೋಟಿ ಖರ್ಚಿನಿಂದ 45 ಲಕ್ಷ ಕಳೆದರೂ 4.55 ಕೋಟಿ ಉಳಿಯುತ್ತದೆ, ತೆಗೆದದ್ದು ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಮಿತಿಯನ್ನಷ್ಟೇ ಪರೀಕ್ಷಿಸಿ ಸಹಿ ಹಾಕುವವನಿಗೆ ಇದು ಸಿಗುವುದೇ ಇಲ್ಲ. ಆದರೆ ಆ ಹಣ ಹಾಸನದಲ್ಲಿ ಮನೆ ಕಾಯುತ್ತಿರುವವರದು, ಮತ್ತು ಕಾಯ್ದೆ ಕೇಳುವುದು ಅದು ಎಲ್ಲಿ ಖರ್ಚಾಯಿತು ಎಂದು.

ಆದಾಯದ ಲೆಕ್ಕವೂ ಬದಲಾಯಿತು. ಈ ಸಂಸ್ಥೆ ಅನುಸರಿಸುವ, ರಿಯಲ್ ಎಸ್ಟೇಟ್ ಲೆಕ್ಕಪತ್ರದ ಮಾರ್ಗದರ್ಶಿ ಟಿಪ್ಪಣಿಯ ಪ್ರಕಾರ ಜಮೀನು ಬಿಟ್ಟು ನಿರ್ಮಾಣ ವೆಚ್ಚದ ಶೇ. 25 ಆದ ಮೇಲೆಯೇ ಆದಾಯ ತೋರಿಸಬಹುದು. ಆ ಮೆಟ್ಟಿಲು ದಾಟಿತ್ತು. ಆದರೆ ಮಾಡದ ಕೆಲಸಕ್ಕೆ ಕೊಟ್ಟ ಮುಂಗಡ ವೆಚ್ಚವಲ್ಲ. ಜಮೀನೂ ಸೇರಿದ ಒಟ್ಟು 10 ಕೋಟಿ ಅಂದಾಜಿನ ಮೇಲೆ ಪೂರ್ಣಗೊಂಡ ಪ್ರಮಾಣ ಶೇ. 50ರಿಂದ 45.5ಕ್ಕೆ ಇಳಿಯಿತು. 7 ಕೋಟಿ ಮೊತ್ತದ ಕರಾರುಗಳ ಮೇಲೆ 31.5 ಲಕ್ಷ ಆದಾಯ ಹಿಂದಕ್ಕೆ ಸರಿದು, ಗ್ರಾಹಕರ ಮುಂಗಡ ಎಂಬ ಹೊಣೆಗಾರಿಕೆಗೆ ಸೇರಿತು.

ವರದಿಗೆ ಮೊದಲೇ ಅವರು 45 ಲಕ್ಷವನ್ನು ಖಾತೆಗೆ ಹಿಂತಿರುಗಿಸಿದರು. ಆದರೂ ಮಾರ್ಚ್ 31ರಂದು ಆ ಹಣ ಬೇರೆ ಯೋಜನೆಯಲ್ಲಿತ್ತು ಎಂಬುದನ್ನು ರೇರಾ ವಾರ್ಷಿಕ ಪ್ರಮಾಣಪತ್ರದಲ್ಲಿ ಮೊತ್ತ ಸಹಿತ ಬರೆದೆ, ಮರುಜಮಾ ಆದ ದಿನಾಂಕವನ್ನು ಅದರ ಕೆಳಗೆ ನಮೂದಿಸಿದೆ.